ಅಂಗಡಿ ಮುಚ್ಚಿದ್ದಾಗ ಫೋನು ಏನು ಹೇಳಬೇಕು?

ಇವತ್ತು ನಾನು ಮಾತಾಡುವುದು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುವ ಒಂದು ಮಾತಿನ ಬಗ್ಗೆ. ಸಣ್ಣ ಅಂಗಡಿಯೊಂದಕ್ಕೆ ಯಾರೋ ಫೋನ್ ಮಾಡುತ್ತಾರೆ. ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಆಗ ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನಿಯೊಂದು ಕೇಳುತ್ತದೆ. ಅದು ಮುಗಿದಮೇಲೆ ಬೀಪ್ ಶಬ್ದ. ಕರೆ ಮಾಡಿದವರು ತಮಗೆ ಬೇಕಾದದ್ದನ್ನು ಹೇಳಿ ಫೋನ್ ಇಡುತ್ತಾರೆ. ಇದು ವಾಯ್ಸ್‌ಮೇಲ್. ಬೀಪ್‌ಗೆ ಮೊದಲು ಕೇಳುವ ಆ ನಾಲ್ಕು ಮಾತನ್ನು ಹೇಗೆ ಬರೆಯಬೇಕು, ಹೇಗೆ ಹೇಳಬೇಕು ಎನ್ನುವುದಷ್ಟೇ ಇಂದಿನ ವಿಷಯ.

ನಮ್ಮಲ್ಲಿ ವಾಯ್ಸ್‌ಮೇಲ್ ಬಳಕೆ ಕಡಿಮೆ, ನಿಜ. ನಮ್ಮದು ಮಿಸ್ಡ್ ಕಾಲ್ ನೋಡಿ ತಿರುಗಿ ಫೋನ್ ಮಾಡುವ ರೂಢಿ. ಆದರೆ ಮಿಸ್ಡ್ ಕಾಲ್ ಅಂಗಡಿಯವರಿಗೆ ಮಾತ್ರ ಸುದ್ದಿ ಮುಟ್ಟಿಸುತ್ತದೆ. ಕರೆ ಮಾಡಿದವರಿಗೆ ಅದು ಏನನ್ನೂ ಹೇಳುವುದಿಲ್ಲ. ಅಂಗಡಿ ಇವತ್ತು ಇದೆಯೋ ಇಲ್ಲವೋ, ಈಗ ಹೊರಟರೆ ಸಿಗುತ್ತಾರೋ ಇಲ್ಲವೋ ಎಂದು ಅವರು ಸುಮ್ಮನೆ ಕಾಯುತ್ತಾ ಕೂರಬೇಕು.

ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. ತಾಲ್ಲೂಕು ಕೇಂದ್ರವೊಂದರ ಸಂತೆಬೀದಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮಾಲೀಕರು ಒಬ್ಬರು, ಕೈಕೆಳಗೆ ಇಬ್ಬರು ಹುಡುಗರು. ಸುತ್ತಲಿನ ಹಳ್ಳಿಗಳ ಕೊಳವೆಬಾವಿ ಮೋಟಾರು ಸುಟ್ಟರೆ ಬರುವುದು ಇಲ್ಲಿಗೆ. ವೋಲ್ಟೇಜ್ ಕಡಿಮೆಯಾಗಿಯೋ, ಮೂರು ಫೇಸಿನಲ್ಲಿ ಒಂದು ಹೋಗಿಯೋ ಕಾಯಿಲ್ ಸುಡುತ್ತದೆ. ತೋಟಕ್ಕೆ ನೀರು ನಿಲ್ಲುತ್ತದೆ. ರೈತರು ಮೊದಲು ಮಾಡುವ ಕೆಲಸ ವೈಂಡಿಂಗ್ ಅಂಗಡಿಗೆ ಫೋನ್. ಆ ಹೊತ್ತಿಗೆ ಮಾಲೀಕರು ಇನ್ನೊಂದು ತೋಟದಲ್ಲಿ ಮೋಟಾರ್ ಇಳಿಸುತ್ತಿರಬಹುದು, ಎರಡು ಕೈಯಲ್ಲೂ ಕೆಲಸ. ಅಥವಾ ರಾತ್ರಿ ಒಂಬತ್ತಾಗಿ ಅಂಗಡಿಯ ಬಾಗಿಲು ಹಾಕಿರಬಹುದು.

ಹೀಗೆ ಕರೆ ಮಾಡಿದ ರೈತರಿಗೆ ತಿಳಿಯಬೇಕಾದದ್ದು ಮೂರು ಸಂಗತಿ. ಒಂದು, ನಾನು ಹುಡುಕಿದ ಅಂಗಡಿಗೇ ಫೋನ್ ಹೋಯಿತೇ? ಎರಡು, ಅಂಗಡಿ ಯಾವಾಗ ತೆಗೆದಿರುತ್ತದೆ? ಲಗೇಜ್ ಆಟೋಗೆ ಈಗಲೇ ಹೇಳಲೇ, ಬೆಳಿಗ್ಗೆ ಹೇಳಲೇ? ಮೂರು, ಈಗ ನಾನೇನು ಮಾಡಬೇಕು? ಈ ಮೂರಕ್ಕೆ, ಇದೇ ಅನುಕ್ರಮದಲ್ಲಿ ಉತ್ತರ ಸಿಕ್ಕರೆ ಆ ಧ್ವನಿ ತನ್ನ ಕೆಲಸ ಮಾಡಿದಂತೆ.

ಆದರೆ ಪೆನ್ನು ಹಿಡಿದು ಕೂತರೆ ಸಾಮಾನ್ಯವಾಗಿ ಬರುವುದು ಬೇರೆಯೇ. ಅದು ಹೀಗಿರುತ್ತದೆ:

“ನಮಸ್ಕಾರ. ನಮ್ಮ ಸಂಸ್ಥೆಗೆ ಕರೆ ಮಾಡಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಕರೆ ನಮಗೆ ಅತ್ಯಮೂಲ್ಯವಾದುದು. ಅನೇಕ ವರ್ಷಗಳಿಂದ ರೈತಬಾಂಧವರ ಸೇವೆಯಲ್ಲಿರುವ ನಮ್ಮಲ್ಲಿ ಎಲ್ಲಾ ಕಂಪನಿಗಳ ಸಬ್‌ಮರ್ಸಿಬಲ್ ಹಾಗೂ ಮಾನೋಬ್ಲಾಕ್ ಮೋಟಾರುಗಳ ವೈಂಡಿಂಗ್ ಮತ್ತು ರಿಪೇರಿಯನ್ನು ನುರಿತ ತಂತ್ರಜ್ಞರಿಂದ ಮಾಡಿಕೊಡಲಾಗುವುದು. ಸದ್ಯ ನಮ್ಮ ಸಿಬ್ಬಂದಿ ಅನ್ಯ ಕಾರ್ಯದಲ್ಲಿ ನಿರತರಾಗಿರುವುದರಿಂದ ತಮ್ಮ ಕರೆಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ. ದಯವಿಟ್ಟು ಕಚೇರಿ ವೇಳೆಯಲ್ಲಿ ಸಂಪರ್ಕಿಸಿ.”

ಇದನ್ನು ಸ್ಪಷ್ಟವಾಗಿ ಓದಲು ಅರ್ಧ ನಿಮಿಷ ಮೀರುತ್ತದೆ. ಇದರಲ್ಲಿ ಮರ್ಯಾದೆಯ ಮಾತುಗಳಿಗೆ ಕೊರತೆಯಿಲ್ಲ. ಆದರೆ ಯಾವ ಅಂಗಡಿ ಎಂದು ಗೊತ್ತಾಗಲಿಲ್ಲ. ಕಚೇರಿ ವೇಳೆಯಲ್ಲಿ ಸಂಪರ್ಕಿಸಿ ಎಂದರು, ಆ ವೇಳೆ ಯಾವುದೆಂದು ಹೇಳಲಿಲ್ಲ. ಸುಟ್ಟ ಮೋಟಾರ್ ಮುಂದೆ ನಿಂತ ರೈತರಿಗೆ ಅಂಗಡಿಯ ಹಿರಿಮೆ ಆಗಲೇ ಗೊತ್ತು. ಗೊತ್ತಿರುವುದರಿಂದಲೇ ಫೋನ್ ಮಾಡಿದ್ದು. ಸಿಬ್ಬಂದಿ ಯಾಕೆ ಸಿಗುತ್ತಿಲ್ಲ ಎನ್ನುವ ವಿವರಣೆಯೂ ಅವರಿಗೆ ಬೇಡ. ಎತ್ತಲಿಲ್ಲ ಎನ್ನುವುದು ಅವರ ಕಿವಿಗೇ ಗೊತ್ತಾಗಿದೆ.

ಈಗ ಒಂದೊಂದೇ ಮಾತನ್ನು ತೆಗೆಯುತ್ತಾ ಬರೋಣ. ಧನ್ಯವಾದದ ವಾಕ್ಯ ಹೋಗಲಿ, ನಮಸ್ಕಾರ ಒಂದೇ ಸಾಕು. ಕರೆ ಅಮೂಲ್ಯ ಎನ್ನುವುದು ಹೋಗಲಿ. ತಿರುಗಿ ಫೋನ್ ಮಾಡಿದರೆ ಅದು ತಾನಾಗಿ ತಿಳಿಯುತ್ತದೆ. ಸೇವೆಯ ಪಟ್ಟಿ ಅಂಗಡಿಯ ಬೋರ್ಡಿನ ಮೇಲಿರಲಿ. ಉಳಿದ ಜಾಗಕ್ಕೆ ಹೆಸರು, ವೇಳೆ, ಮುಂದಿನ ಕೆಲಸ, ಈ ಮೂರನ್ನು ತುಂಬಿದರೆ ಹೀಗಾಗುತ್ತದೆ:

“ನಮಸ್ಕಾರ. ಇದು ಸಂತೆಬೀದಿ ಮೋಟಾರ್ ವೈಂಡಿಂಗ್ ಅಂಗಡಿ. ಸೋಮವಾರದಿಂದ ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ತೆಗೀತೀವಿ, ರಾತ್ರಿ ಏಳು ಮೂವತ್ತಕ್ಕೆ ಮುಚ್ತೀವಿ. ಭಾನುವಾರ ರಜ. ಬೀಪ್ ಆದಮೇಲೆ ನಿಮ್ಮ ಹೆಸರು, ಊರು, ಮೋಟಾರ್ ಎಷ್ಟು ಎಚ್‌ಪಿ ಅಂತ ಹೇಳಿ. ಅಂಗಡಿ ತೆಗೆದಿರೋ ಹೊತ್ತಲ್ಲಿ ನಾವೇ ವಾಪಸ್ ಫೋನ್ ಮಾಡ್ತೀವಿ.”

ಒಟ್ಟು 34 ಪದ. ಕನ್ನಡದ ಪದಗಳು ಉದ್ದ. ವಿಭಕ್ತಿ, ಪ್ರತ್ಯಯ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಆದ್ದರಿಂದ ಆತುರವಿಲ್ಲದೆ ಹೇಳುವವರಿಗೆ ಇಪ್ಪತ್ತು ಸೆಕೆಂಡಿನಲ್ಲಿ 30ರಿಂದ 35 ಪದವಷ್ಟೇ ಹಿಡಿಸುತ್ತದೆ. ಇಂಗ್ಲಿಷಿನ ಲೆಕ್ಕ ನೋಡಿ 50 ಪದ ಬರೆದರೆ ಓಡಿಸಿಕೊಂಡು ಓದಬೇಕಾಗುತ್ತದೆ. ನಿಮ್ಮ ಬರಹ 35 ಪದ ದಾಟಿದರೆ ಏನೋ ಹೆಚ್ಚಾಗಿದೆ ಎಂದೇ ತಿಳಿಯಿರಿ.

ಇನ್ನು ಪ್ರತಿ ಭಾಗವನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲನೆಯದು ಹೆಸರು. ಬಾನುಲಿ ನಿಲಯ ತನ್ನ ಹೆಸರು ಹೇಳಿಯೇ ಕಾರ್ಯಕ್ರಮಕ್ಕೆ ಹೋಗುವ ಹಾಗೆ, ಅಂಗಡಿಯೂ ಹೆಸರಿನಿಂದಲೇ ಶುರುಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಲೈಸೆನ್ಸ್ ಮೇಲೆ ಬರೆದ ಉದ್ದನೆಯ ಹೆಸರು ಬೇರೆ, ಜನ ಕರೆಯುವ ಹೆಸರು ಬೇರೆ. ದೇವರ ಹೆಸರು, ಎಂಟರ್‌ಪ್ರೈಸಸ್, ಎಲೆಕ್ಟ್ರಿಕಲ್ಸ್ ಎಲ್ಲ ಸೇರಿದ ಹೆಸರನ್ನು ಯಾವ ರೈತರೂ ಪೂರ್ತಿ ಹೇಳುವುದಿಲ್ಲ. ಅವರಿಗೆ ಅದು ಸಂತೆಬೀದಿ ವೈಂಡಿಂಗ್ ಅಂಗಡಿ. ಗಿರಾಕಿಗಳ ಬಾಯಲ್ಲಿರುವ ಹೆಸರನ್ನೇ ಹೇಳಿ, ಜೊತೆಗೆ ಬೀದಿಯ ಗುರುತು ಕೊಡಿ. ಅಷ್ಟಕ್ಕೇ ಕರೆ ಮಾಡಿದವರಿಗೆ ಸರಿಯಾದ ಜಾಗಕ್ಕೆ ಬಂದೆ ಎಂದು ಸಮಾಧಾನವಾಗುತ್ತದೆ.

ಎರಡನೆಯದು ವೇಳೆ. ಇದೇ ಇಡೀ ಮಾತಿನ ತಿರುಳು, ಎಡವುವುದೂ ಹೆಚ್ಚಾಗಿ ಇಲ್ಲಿಯೇ. ‘ಎಂಟರಿಂದ ಎಂಟು’ ಎಂದು ಬಿಡಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎನ್ನುವ ಪದ ಪ್ರತಿ ಗಂಟೆಯ ಹಿಂದೆಯೂ ಇರಲಿ. ಅರ್ಧ ಗಂಟೆಯ ಲೆಕ್ಕ ಬಂದಾಗ ಇನ್ನೂ ಎಚ್ಚರ ಬೇಕು. ‘ಏಳೂವರೆಗೆ ಮುಚ್ತೀವಿ’ ಮತ್ತು ‘ಏಳರವರೆಗೆ ಇರ್ತೀವಿ’, ಇವೆರಡು ಎದುರು ನಿಂತು ಮಾತಾಡುವಾಗ ಬೇರೆ ಬೇರೆ. ಫೋನಿನಲ್ಲಿ, ಅದರಲ್ಲೂ ಬಸ್ಸಿನೊಳಗೋ ಗಾಳಿಯಲ್ಲೋ ನಿಂತು ಕೇಳುವವರಿಗೆ, ಎರಡೂ ಒಂದೇ ಥರ ಕೇಳಿಸುತ್ತವೆ. ನಡುವಿನ ವ್ಯತ್ಯಾಸ ಅರ್ಧ ಗಂಟೆ. ಹತ್ತು ಹನ್ನೆರಡು ಕಿಲೋಮೀಟರ್ ದೂರದಿಂದ ಮೋಟಾರ್ ಹೊರಿಸಿಕೊಂಡು ಬಂದವರಿಗೆ ಆ ಅರ್ಧ ಗಂಟೆ ಎಂದರೆ ಆಟೋ ಬಾಡಿಗೆಯೂ ಹೋಯಿತು, ಒಂದು ದಿನದ ನೀರೂ ಹೋಯಿತು. ಅದಕ್ಕೇ ಮೇಲಿನ ಬರಹದಲ್ಲಿ ‘ಏಳು ಮೂವತ್ತಕ್ಕೆ’ ಎಂದು ಬಿಡಿಸಿ ಹೇಳಿದೆ. ತೆಗೆಯುವುದಕ್ಕೆ ಒಂದು ಕ್ರಿಯಾಪದ, ಮುಚ್ಚುವುದಕ್ಕೆ ಇನ್ನೊಂದು ಎಂದು ಇಟ್ಟದ್ದೂ ಅದಕ್ಕೇ. ‘ಒಂಬತ್ತರಿಂದ ಏಳೂವರೆವರೆಗೆ’ ಎಂದು ಒಂದೇ ಉಸಿರಿಗೆ ಹೇಳಿದರೆ ನಾಲಿಗೆಯೂ ತೊಡರುತ್ತದೆ, ಕಿವಿಯೂ ತೊಡರುತ್ತದೆ.

ಫೋನಿನಲ್ಲಿ ಮಾತು ಹೀಗೆ ಅಸ್ಪಷ್ಟವಾಗುವುದಕ್ಕೆ ತಾಂತ್ರಿಕ ಕಾರಣವೂ ಉಂಟು. ದೂರವಾಣಿಯ ಸಾಂಪ್ರದಾಯಿಕ ಸಂಪರ್ಕ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ದಾಟಿಸುತ್ತದೆ. ಮನುಷ್ಯರ ಮಾತಿನ ಸ, ಶ, ಫ ಮುಂತಾದ ಅಕ್ಷರಗಳ ಚೂಪು ಅದಕ್ಕಿಂತ ಮೇಲೆಯೂ ಇರುತ್ತದೆ. ಆ ಭಾಗ ಕತ್ತರಿಸಿ ಹೋಗುತ್ತದೆ. ಇತ್ತೀಚಿನ ಮೊಬೈಲ್ ಸಂಪರ್ಕಗಳಲ್ಲಿ ಧ್ವನಿ ಇದಕ್ಕಿಂತ ಚೆನ್ನಾಗಿದೆ. ಆದರೆ ಕರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿ, ರೆಕಾರ್ಡಿಂಗ್ ಮೂಲಕ ಕೇಳುವಾಗ ಆ ಸ್ಪಷ್ಟತೆ ಉಳಿಯುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಆದ್ದರಿಂದ ಗಂಟೆ ಹೇಳುವಾಗ ಒಂದು ಕ್ಷಣ ನಿಂತು, ಹೇಳಿ, ಮತ್ತೆ ಒಂದು ಕ್ಷಣ ನಿಲ್ಲಬೇಕು.

ವೇಳೆಯ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನು ಅಂಗಡಿಯವರು ತಮಗೆ ತಾವೇ ಕೇಳಿಕೊಳ್ಳಬೇಕು. ಬಾಗಿಲು ತೆಗೆದಿರುವ ಹೊತ್ತು ಮತ್ತು ಕೆಲಸ ತೆಗೆದುಕೊಳ್ಳುವ ಹೊತ್ತು ಎರಡೂ ಒಂದೆಯೇ? ನಮ್ಮ ಉದಾಹರಣೆಯ ಅಂಗಡಿಯಲ್ಲಿ ಮುಚ್ಚುವವರೆಗೂ ಮೋಟಾರ್ ಇಳಿಸಿಕೊಳ್ಳುತ್ತಾರೆ, ಮಧ್ಯಾಹ್ನ ಊಟಕ್ಕೆ ಸರದಿಯಲ್ಲಿ ಹೋಗುತ್ತಾರೆ. ಹಾಗಾಗಿ ಎರಡು ಗಂಟೆಗಳನ್ನು ಹೇಳಿದರೆ ಮುಗಿಯಿತು. ಆದರೆ ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕುವ ಅಂಗಡಿಯಾದರೆ ಅದನ್ನು ಹೇಳಲೇಬೇಕು. ಅದಕ್ಕೆ ಜಾಗ ಬೇಕಾದರೆ ಬೇರೆ ಯಾವ ಮಾತನ್ನಾದರೂ ಕೈಬಿಡಿ. ಜನ ಬಂದು ನಿಲ್ಲುವುದು ನೀವು ಹೇಳಿದ ಗಂಟೆಯನ್ನು ನಂಬಿ.

ಮೂರನೆಯದು, ಕರೆ ಮಾಡಿದವರು ಏನು ಮಾಡಬೇಕು. ಬರೀ ‘ನಿಮ್ಮ ಸಂದೇಶ ಬಿಡಿ’ ಎಂದರೆ ಹೆಚ್ಚಿನವರು ತಡವರಿಸುತ್ತಾರೆ. ಯಂತ್ರದ ಜೊತೆ ಏನು ಮಾತಾಡುವುದು ಎಂದು ಸುಮ್ಮನೆ ಇಟ್ಟುಬಿಡುತ್ತಾರೆ. ಇಂಥಿಂಥದ್ದು ಹೇಳಿ ಎಂದು ಕೇಳಿದರೆ ಬಾಯಿ ತೆರೆಯುತ್ತದೆ. ಮೂರಕ್ಕಿಂತ ಹೆಚ್ಚು ಕೇಳಬೇಡಿ, ಮೂರೂ ನಿಮ್ಮ ಕೆಲಸಕ್ಕೆ ಬರುವಂಥವೇ ಆಗಿರಲಿ. ವೈಂಡಿಂಗ್ ಅಂಗಡಿಗೆ ಎಚ್‌ಪಿ ಯಾಕೆ ಬೇಕೆಂದರೆ, ಐದು ಎಚ್‌ಪಿಯೋ ಹತ್ತು ಎಚ್‌ಪಿಯೋ ಎಂದು ಗೊತ್ತಾದರೆ ತಂತಿ ಇದೆಯೇ, ಎಷ್ಟು ಹೊತ್ತಿನ ಕೆಲಸ ಎಂದು ಮಾಲೀಕರು ತಿರುಗಿ ಫೋನ್ ಮಾಡುವ ಮೊದಲೇ ಅಂದಾಜು ಮಾಡಬಹುದು. ಟೈಲರ್ ಅಂಗಡಿಯಾದರೆ ಬಟ್ಟೆ ಯಾವತ್ತಿಗೆ ಬೇಕು ಎಂದು ಕೇಳಿ. ರಕ್ತಪರೀಕ್ಷೆಯ ಲ್ಯಾಬ್ ಆದರೆ ಯಾವ ಪರೀಕ್ಷೆ ಎಂದು ಕೇಳಿ.

ಕೊನೆಯ ವಾಕ್ಯ ಒಂದು ಮಾತು ಕೊಡುವ ವಾಕ್ಯ. ‘ಕೂಡಲೇ ಫೋನ್ ಮಾಡ್ತೀವಿ’ ಎಂದು ಬರೆಯಲು ಮನಸ್ಸಾಗುತ್ತದೆ. ಬೇಡ. ರಾತ್ರಿ ಹತ್ತಕ್ಕೆ ಕರೆ ಮಾಡಿದವರು ಆ ಕೂಡಲೇ ಎನ್ನುವುದನ್ನು ನಂಬಿ ಎಚ್ಚರವಿದ್ದರೆ? ‘ನಾಳೆ ಬೆಳಿಗ್ಗೆ’ ಎಂದು ಬರೆದರೆ ಮಧ್ಯಾಹ್ನ ಮೂರಕ್ಕೆ ಮಾಡಿದವರಿಗೆ ಅದು ತಪ್ಪು. ಶನಿವಾರ ರಾತ್ರಿ ಮಾಡಿದವರಿಗೂ ತಪ್ಪು, ಭಾನುವಾರ ರಜ. ‘ಅಂಗಡಿ ತೆಗೆದಿರೋ ಹೊತ್ತಲ್ಲಿ’ ಎಂದರೆ ಎಲ್ಲ ಸಂದರ್ಭಕ್ಕೂ ಸಲ್ಲುತ್ತದೆ. ಹೊತ್ತು ಯಾವುದು ಎನ್ನುವುದನ್ನು ಮೊದಲೇ ಹೇಳಿದ್ದೀರಿ. ಉಳಿಸಿಕೊಳ್ಳಲು ಆಗುವ ಮಾತನ್ನಷ್ಟೇ ಕೊಡಿ.

ಈಗ ಆತ್ಮೀಯತೆಯ ಪ್ರಶ್ನೆ. ಇಷ್ಟು ಚಿಕ್ಕದಾದರೆ ಒರಟಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಆತ್ಮೀಯತೆ ಇರುವುದು ಆಡುಮಾತಿನಲ್ಲಿ ಮತ್ತು ದನಿಯಲ್ಲಿ, ವಿಶೇಷಣಗಳಲ್ಲಿ ಅಲ್ಲ. ‘ಕರೆಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ’ ಎಂದು ನಮ್ಮಲ್ಲಿ ಯಾರೂ ಮನೆ ಬಾಗಿಲಲ್ಲಿ ನಿಂತು ಹೇಳುವುದಿಲ್ಲ. ‘ನಾವೇ ವಾಪಸ್ ಫೋನ್ ಮಾಡ್ತೀವಿ’ ಎನ್ನುತ್ತೇವೆ. ಅಂಗಡಿ ಧಾರವಾಡದ ಕಡೆಯದಾದರೆ ‘ಹೇಳ್ರಿ’, ‘ಫೋನ್ ಮಾಡ್ತೇವ್ರಿ’ ಎಂದೇ ಇರಲಿ. ಮಂಗಳೂರಿನ ಕಡೆಯದಾದರೆ ಆ ಕಡೆಯ ಕನ್ನಡ ಇರಲಿ. ಕೌಂಟರಿನ ಹಿಂದೆ ನಿಂತು ಆಡುವ ಭಾಷೆಯೇ ಫೋನಿನಲ್ಲೂ ಕೇಳಿದರೆ, ಕರೆ ಮಾಡಿದವರಿಗೆ ಪರಿಚಿತರ ದನಿ ಕೇಳಿದಂತಾಗುತ್ತದೆ. ಗಡಿ ಭಾಗದಲ್ಲಿ ಎರಡು ಭಾಷೆ ಬೇಕಾಗಬಹುದು. ಆಗ ಇಡೀ ಮಾತನ್ನು ಎರಡು ಸಲ ಹೇಳಿದರೆ ಉದ್ದ ಇಮ್ಮಡಿಯಾಗುತ್ತದೆ. ಎರಡನೇ ಭಾಷೆಯಲ್ಲಿ ಅಂಗಡಿಯ ವೇಳೆಯನ್ನು ಮಾತ್ರ ಹೇಳಿದರೆ ಸಾಕು.

ದನಿ ಯಾರದ್ದಿರಬೇಕು? ದಿನವೂ ಗಿರಾಕಿಗಳ ಜೊತೆ ಮಾತಾಡುವವರದ್ದೇ ಇರಲಿ. ಮಾಲೀಕರೋ, ಅವರ ಮನೆಯವರೋ, ಕೆಲಸದ ಹುಡುಗನೋ, ಯಾರಾದರೂ ಸರಿ. ರೆಕಾರ್ಡ್ ಮಾಡುವುದು ಅಂಗಡಿಯೊಳಗೆ ಬೇಡ. ಅಲ್ಲಿ ಗ್ರೈಂಡರ್ ಸದ್ದು, ಬೀದಿಯ ಹಾರನ್ನು. ಮನೆಯಲ್ಲಿ ಹಾಸಿಗೆ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು. ಅವು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಫೋನನ್ನು ಬಾಯಿಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಹಿಡಿದರೆ ಪ, ಬ, ಫ ಬಂದಾಗ ಉಸಿರು ಬಡಿದು ಸದ್ದಾಗುತ್ತದೆ. ರೆಕಾರ್ಡಿಂಗ್ ಶುರುವಾದಮೇಲೆ ಒಂದು ಸೆಕೆಂಡ್ ಸುಮ್ಮನಿದ್ದು ಆಮೇಲೆ ನಮಸ್ಕಾರ ಎನ್ನಿ. ಸಂಪರ್ಕ ಕೂಡುವಾಗ ಮೊದಲ ಅಕ್ಷರ ನುಂಗಿಹೋಗುವುದುಂಟು, ಆ ಮೌನ ಅದನ್ನು ಕಾಯುತ್ತದೆ. ಹೇಳುವಾಗ ಮುಖದಲ್ಲಿ ನಗುವಿರಲಿ. ತುಟಿ ಅಗಲವಾದರೆ ದನಿಯ ಬಣ್ಣವೇ ಬದಲಾಗುತ್ತದೆ, ಕೇಳುವವರಿಗೆ ಅದು ಗೊತ್ತಾಗುತ್ತದೆ.

ಇದನ್ನು ಫೋನಿಗೆ ಅಳವಡಿಸುವುದು ಹೇಗೆ? ಸ್ಥಿರ ದೂರವಾಣಿಯಾದರೆ ಉತ್ತರ ಹೇಳುವ ಯಂತ್ರವನ್ನು ಜೋಡಿಸಬಹುದು. ಮೊಬೈಲ್ ಆದರೆ, ಎತ್ತದೇ ಹೋದ ಕರೆ ಮಾತ್ರ ಇಂಥ ಸೇವೆ ಕೊಡುವ ಇನ್ನೊಂದು ನಂಬರಿಗೆ ತಿರುಗುವಂತೆ ಕರೆ ಫಾರ್ವರ್ಡ್ ವ್ಯವಸ್ಥೆ ಮಾಡಬೇಕು. ತಿರುಗಿದ ಆ ಭಾಗದ ಖರ್ಚು ನಿಮ್ಮ ಮೇಲೆ ಬೀಳಬಹುದು, ಕಂಪನಿಯವರನ್ನು ಮೊದಲೇ ಕೇಳಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಂಪನಿಯವರು ಎಂದು ಸುಳ್ಳು ಹೇಳಿ ಫೋನ್ ಮಾಡಿ, *401# ಎಂದು ಒತ್ತಿ ಅದರ ಮುಂದೆ ಇಂಥ ನಂಬರ್ ಹಾಕಿ ಎಂದು ಹೇಳಿಸಿ, ಜನರ ಕರೆಗಳನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಳ್ಳುವ ವಂಚನೆ ನಡೆದದ್ದುಂಟು. ಅದಕ್ಕಾಗಿಯೇ ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹಾಗೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಸೂಚಿಸಿತು. ಆದ್ದರಿಂದ ಯಾರೋ ಹೇಳಿದರೆಂದು ಯಾವ ಕೋಡನ್ನೂ ಒತ್ತಬೇಡಿ. ಕಂಪನಿಯ ಅಂಗಡಿಗೆ ಹೋಗಿ ಅಥವಾ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೀವೇ ಮಾಡಿ. ಬ್ಯಾಂಕಿಗೆ ಕೊಟ್ಟ ನಂಬರ್ ಬೇರೆ, ಅಂಗಡಿಯ ನಂಬರ್ ಬೇರೆ ಇದ್ದರೆ ಇನ್ನೂ ಕ್ಷೇಮ.

ಕಡೆಯದಾಗಿ ಹಬ್ಬ ಹರಿದಿನದ ಮಾತು. ಆಯುಧ ಪೂಜೆಗೆ ವೈಂಡಿಂಗ್ ಅಂಗಡಿ ಎರಡು ದಿನ ಮುಚ್ಚುತ್ತದೆ ಎಂದುಕೊಳ್ಳಿ. ‘ನಾಳೆ ನಾಡಿದ್ದು ರಜ’ ಎಂದು ರೆಕಾರ್ಡ್ ಮಾಡಿದರೆ, ಮಾರನೇ ದಿನ ಕೇಳಿದವರಿಗೆ ಆ ನಾಳೆ ಯಾವ ದಿನ? ವಾರದ ಹೆಸರು ಹೇಳಿ, ತಾರೀಖೂ ಸೇರಿಸಿ. ಯಾವ ದಿನ ರಜ ಎನ್ನುವುದಕ್ಕಿಂತ ಯಾವ ದಿನ, ಎಷ್ಟು ಗಂಟೆಗೆ ಮತ್ತೆ ತೆಗೆಯುತ್ತೀರಿ ಎನ್ನುವುದು ಮುಖ್ಯ. ಹಬ್ಬದ ರೆಕಾರ್ಡಿಂಗ್ ಬೇರೆಯೇ ಇರಲಿ, ದಿನನಿತ್ಯದ್ದನ್ನು ಅಳಿಸಬೇಡಿ. ಬಾಗಿಲು ತೆಗೆದ ಬೆಳಿಗ್ಗೆಯೇ ಹಳೆಯದನ್ನು ಮತ್ತೆ ಹಾಕಿ. ದೀಪಾವಳಿ ಬಂದರೂ ಆಯುಧ ಪೂಜೆಯ ರಜ ಹೇಳುತ್ತಿರುವ ಫೋನನ್ನು ಕೇಳಿದವರು ಅಂಗಡಿಯೇ ಮುಚ್ಚಿಹೋಯಿತು ಎಂದುಕೊಳ್ಳುತ್ತಾರೆ, ಮೋಟಾರನ್ನು ಬೇರೆ ಊರಿಗೆ ಕೊಂಡೊಯ್ಯುತ್ತಾರೆ.

ಎಲ್ಲ ಮುಗಿದಮೇಲೆ ಒಂದು ಪರೀಕ್ಷೆ. ನಿಮ್ಮ ಅಂಗಡಿಯ ಬಗ್ಗೆ ಏನೂ ಗೊತ್ತಿಲ್ಲದ ಯಾರಿಗಾದರೂ ಅದನ್ನು ಫೋನಿನಲ್ಲಿ ಒಂದೇ ಸಲ ಕೇಳಿಸಿ. ಬೀದಿಯಲ್ಲಿ ನಿಂತು ಕೇಳಲಿ. ಆಮೇಲೆ ಕೇಳಿ: ಯಾವ ಅಂಗಡಿ? ಎಷ್ಟಕ್ಕೆ ತೆಗೆಯುತ್ತಾರೆ, ಎಷ್ಟಕ್ಕೆ ಮುಚ್ಚುತ್ತಾರೆ? ಏನು ಹೇಳಬೇಕಂತೆ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಅದು ಸರಿಯಾಗಿದೆ. ಮುಚ್ಚುವ ಗಂಟೆ ಮಾತ್ರ ತಪ್ಪಿದರೆ ಗಂಟೆ ಹೇಳುವಾಗ ನೀವು ಅವಸರ ಮಾಡಿದ್ದೀರಿ. ಏನು ಹೇಳಬೇಕೆಂದು ಗೊತ್ತಾಗದಿದ್ದರೆ ಕೇಳಿದ್ದು ಹೆಚ್ಚಾಗಿದೆ. ಆ ಒಂದು ಭಾಗವನ್ನು ತಿದ್ದಿ ಮತ್ತೆ ರೆಕಾರ್ಡ್ ಮಾಡಿ.

ಕೇಳುತ್ತಿರುವವರಲ್ಲಿ ಅಂಗಡಿ, ಕ್ಲಿನಿಕ್ಕು, ಗಿರಣಿ, ಹೋಂಸ್ಟೇ ನಡೆಸುವವರು ಇದ್ದೀರಿ. ಇವತ್ತು ರಾತ್ರಿ ಬಾಗಿಲು ಹಾಕಿದಮೇಲೆ ಬೇರೆಯವರ ಫೋನಿನಿಂದ ನಿಮ್ಮ ಅಂಗಡಿಯ ನಂಬರಿಗೆ ನೀವೇ ಒಂದು ಕರೆ ಮಾಡಿ, ಗಿರಾಕಿಗೆ ಏನು ಕೇಳುತ್ತಿದೆ ಎಂದು ಕಿವಿಗೊಡಿ. ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತದೆ ಎನ್ನುವುದು ಅದರಲ್ಲಿ ಇಲ್ಲದಿದ್ದರೆ, ಮೊದಲು ಅದೊಂದನ್ನು ಸೇರಿಸಿ.